‘ಗುಣಪಡಿಸುತ್ತದೆ’ ಎಂಬ ಒಂದು ಪದ: ಸೋಪಿನ ವಿವರಣೆ ಕನ್ನಡಕ್ಕೆ ಬರುವಾಗ

ಕರಾವಳಿಯಲ್ಲಿ ತೆಂಗಿನೆಣ್ಣೆ ಸೋಪನ್ನು ಮನೆಯಲ್ಲೇ ತಯಾರಿಸಿ, ಮೊಬೈಲ್‌ನಲ್ಲೇ ಅಂಗಡಿ ತೆರೆದು ಮಾರುವ ಹೆಣ್ಣುಮಕ್ಕಳಿದ್ದಾರೆ. ಅಂಥ ಅಂಗಡಿಯ ಒಂದು ಸೋಪು ಪಾರ್ಸೆಲ್‌ನಲ್ಲಿ ಯಾದಗಿರಿ ಬಳಿಯ ರಾಮಸಮುದ್ರಕ್ಕೆ ಹೋಗಬೇಕು ಎಂದಿಟ್ಟುಕೊಳ್ಳಿ. ಅಲ್ಲಿ ಕೊಳ್ಳುವವರು ಸೋಪನ್ನು ಮುಟ್ಟಿ ನೋಡಲಾರರು, ಮೂಸಿ ನೋಡಲಾರರು. ಅವರ ಕೈಗೆ ಸಿಗುವುದು ಒಂದು ಫೋಟೊ, ಅದರ ಕೆಳಗಿನ ನಾಲ್ಕು ಸಾಲು. ಆ ನಾಲ್ಕು ಸಾಲು ಹೆಚ್ಚಾಗಿ ಇಂಗ್ಲಿಷಿನಲ್ಲಿ ಹುಟ್ಟಿ ಕನ್ನಡಕ್ಕೆ ಬಂದಿರುತ್ತದೆ. ಎಡವಟ್ಟು ಆಗುವುದು ಅಲ್ಲಿಯೇ.

ಒಂದು ಉದಾಹರಣೆ ನೋಡೋಣ. ಇಂಗ್ಲಿಷಿನಲ್ಲಿ ಹೀಗಿದೆ: ‘ಕೆಮಿಕಲ್ ಫ್ರೀ, ಲಕ್ಷುರಿಯಸ್ ಲ್ಯಾದರ್, ಹೆಲ್ಪ್ಸ್ ಸೂದ್ ಡ್ರೈ ಸ್ಕಿನ್, ಬ್ರೈಟನಿಂಗ್.’ ಇದು ಕನ್ನಡದಲ್ಲಿ ಸಾಮಾನ್ಯವಾಗಿ ಹೀಗಾಗುತ್ತದೆ: ‘ರಾಸಾಯನಿಕ ಮುಕ್ತ, ಐಷಾರಾಮಿ ನೊರೆ, ಒಣ ಚರ್ಮವನ್ನು ಗುಣಪಡಿಸುತ್ತದೆ, ಬೆಳ್ಳಗಾಗಿಸುತ್ತದೆ.’ ಪದಕ್ಕೆ ಪದ ಸರಿಯಾಗಿಯೇ ಇದೆಯಲ್ವಾ ಅನ್ನಿಸಬಹುದು. ಆದರೆ ಮೂಲದಲ್ಲಿ ಇಲ್ಲದ ಎರಡು ಭರವಸೆಗಳು ಇಲ್ಲಿ ಹೊಸದಾಗಿ ಸೇರಿಕೊಂಡಿವೆ.

ಇಂಗ್ಲಿಷಿನ ‘ಹೆಲ್ಪ್ಸ್’ ಮೆತ್ತನೆಯ ಪದ. ನೆರವಾಗಬಹುದು ಎಂದಷ್ಟೇ ಅದರ ಅರ್ಥ. ‘ಸೂದ್’ ಅಂದರೆ ಉರಿ, ತುರಿಕೆ ಕೊಂಚ ತಣಿಯುವುದು, ವಾಸಿಯಾಗುವುದಲ್ಲ. ಅವಸರದಲ್ಲಿ ಕನ್ನಡಕ್ಕೆ ತರುವವರು ‘ಹೆಲ್ಪ್ಸ್’ ಅನ್ನು ಬಿಟ್ಟುಬಿಡುತ್ತಾರೆ, ಯಾಕೆಂದರೆ ‘ತಣಿಸಲು ಸಹಾಯ ಮಾಡುತ್ತದೆ’ ಎಂಬುದು ಕಿವಿಗೆ ಒರಟಾಗಿ ಕೇಳುತ್ತದೆ. ಕೊನೆಗೆ ಉಳಿಯುವುದು ‘ಗುಣಪಡಿಸುತ್ತದೆ’. ಅದು ಡಾಕ್ಟರ್ ಹೇಳುವ ಮಾತು, ಸೋಪು ಹೇಳುವ ಮಾತಲ್ಲ. ‘ಬ್ರೈಟನಿಂಗ್’ ಕೂಡ ಹಾಗೆಯೇ. ಅದರಲ್ಲಿ ಹೊಳಪಿನ ಮಾತಿದೆ, ಕನ್ನಡಕ್ಕೆ ಬರುವಾಗ ಬಣ್ಣ ಬದಲಾಗುವ ಮಾತಾಗುತ್ತದೆ. ಇಂಥ ತೆಂಗಿನೆಣ್ಣೆ ಸೋಪು ಚರ್ಮದ ಬಣ್ಣ ಬದಲಿಸುವುದಿಲ್ಲ.

ಇದು ಬರೀ ಭಾಷೆಯ ವಿಷಯವಲ್ಲ. ನಮ್ಮ ಕಾನೂನಿನಲ್ಲಿ ಮೈ ಶುಚಿಗೊಳಿಸುವ, ಅಂದ ಹೆಚ್ಚಿಸುವ ವಸ್ತು ಸೌಂದರ್ಯವರ್ಧಕ. ರೋಗ ವಾಸಿ ಮಾಡುತ್ತೇನೆ ಎಂದು ಹೇಳಿಕೊಂಡ ಕೂಡಲೇ ಅದು ಔಷಧಿಯ ಲೆಕ್ಕಕ್ಕೆ ಹೋಗುತ್ತದೆ. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಮಾರಾಟಕ್ಕೆ ಸೋಪು ತಯಾರಿಸಲು ರಾಜ್ಯದ ಪರವಾನಗಿ ಬೇಕು, ಕೊಳ್ಳುವವರನ್ನು ದಾರಿ ತಪ್ಪಿಸುವ ಮಾತು ಸಲ್ಲದು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಸುಳ್ಳು ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕುವ ಅವಕಾಶವಿದೆ. ‘ಇಂಗ್ಲಿಷಿನಲ್ಲಿ ಹಾಗಿರಲಿಲ್ಲ, ಅನುವಾದದಲ್ಲಿ ಬಂದದ್ದು’ ಎಂದರೆ ಆ ಕನ್ನಡ ಸಾಲನ್ನು ನಂಬಿ ದುಡ್ಡು ಕೊಟ್ಟವರಿಗೆ ಏನು ಸಮಾಧಾನ?

ಇನ್ನು ‘ರಾಸಾಯನಿಕ ಮುಕ್ತ’. ಇದು ಮೂಲದಲ್ಲೇ ತಪ್ಪು. ಕಾಸ್ಟಿಕ್ ಸೋಡಾ ಇಲ್ಲದೆ ಗಟ್ಟಿ ಸೋಪು ಆಗುವುದೇ ಇಲ್ಲ. ಒಂದು ಕಿಲೊ ತೆಂಗಿನೆಣ್ಣೆ ಪೂರ್ತಿ ಸೋಪಾಗಲು ಸುಮಾರು 183 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಆದರೆ ಬರೀ ತೆಂಗಿನೆಣ್ಣೆಯ ಸೋಪು ಕೊಳೆಯ ಜತೆಗೆ ಮೈಯ ಜಿಡ್ಡನ್ನೂ ತೊಳೆದು ಚರ್ಮ ಒಣಗಿಸುತ್ತದೆ. ಅದಕ್ಕೇ ತಿಳಿದವರು ಸೋಡಾವನ್ನು ಐದರಲ್ಲಿ ಒಂದು ಪಾಲು ಕಡಿಮೆ ಮಾಡಿ ಸುಮಾರು 146 ಗ್ರಾಂ ಮಾತ್ರ ಹಾಕುತ್ತಾರೆ. ಆಗ ಸೋಡಾ ಪೂರ್ತಿ ಎಣ್ಣೆಯೊಂದಿಗೆ ಸೇರಿ ಮುಗಿದುಹೋಗುತ್ತದೆ, ಒಂದಿಷ್ಟು ಎಣ್ಣೆ ಹಾಗೆಯೇ ಉಳಿಯುತ್ತದೆ. ಹಚ್ಚಿದೊಡನೆ ಅನುಭವಕ್ಕೆ ಬರುವ ಮೆದುತನ ಆ ಉಳಿದ ಎಣ್ಣೆಯದು. ಸೋಪು ಆಗುವಾಗ ಹುಟ್ಟುವ ಗ್ಲಿಸರಿನ್ ಕೂಡ ಅದರಲ್ಲೇ ಇರುತ್ತದೆ. ಹಾಗಾಗಿ ‘ರಾಸಾಯನಿಕ ಮುಕ್ತ’ ಎನ್ನುವ ಬದಲು ‘ಕೃತಕ ಬಣ್ಣ, ಕೃತಕ ಪರಿಮಳ ಹಾಕಿಲ್ಲ’ ಎನ್ನಿ. ಅದು ನಿಜವಾಗಿದ್ದರೆ ಮಾತ್ರ.

ಹಾಗಾದರೆ ಕೊಳ್ಳುವ ಮನಸ್ಸು ಬರುವ ಹಾಗೆ ಬರೆಯುವುದು ಹೇಗೆ? ನಮ್ಮ ರಾಜ್ಯದಲ್ಲೇ ಒಂದು ಹಳೆಯ ಪಾಠವಿದೆ. ಮೈಸೂರು ಸಂಸ್ಥಾನದಲ್ಲಿ 1916ರಲ್ಲಿ ಶುರುವಾದ ಸರ್ಕಾರಿ ಉದ್ಯಮದಿಂದ ಬಂದ ಮೈಸೂರು ಸ್ಯಾಂಡಲ್ ಸೋಪು ಇಂದಿಗೂ ತನ್ನ ಬಗ್ಗೆ ಹೇಳಿಕೊಳ್ಳುವ ದೊಡ್ಡ ಮಾತು ಒಂದೇ: ಇದರಲ್ಲಿರುವುದು ಅಪ್ಪಟ ಗಂಧದೆಣ್ಣೆ. ಒಳಗೆ ಏನಿದೆ ಎಂಬುದೇ ಅದರ ಜಾಹೀರಾತು.

ರಾಮಸಮುದ್ರದ ಗಿರಾಕಿ ಫೋನ್ ಮಾಡಿದರೆ ಕೇಳುವುದು ಬಹುಶಃ ಇದನ್ನೇ: ‘ಅಕ್ಕಾರ, ಇದ್ರಾಗ ಏನೇನ್ ಹಾಕೀರಿ? ನಮ್ಮೂರ ಸವಳ ನೀರಿಗಿ ನೊರಿ ಬರ್ತದೇನ್ರಿ?’ ಬೋರ್‌ವೆಲ್ ನೀರು ಗಡಸಾಗಿರುವ ಕಡೆ ಇದು ಮೊದಲ ಪ್ರಶ್ನೆ. ನೀರಿನಲ್ಲಿರುವ ಸುಣ್ಣದ ಅಂಶ ಸೋಪಿನೊಂದಿಗೆ ಸೇರಿ ಬಿಳಿ ಗಷ್ಟು ಕಟ್ಟುತ್ತದೆ, ನೊರೆ ಏಳುವುದಿಲ್ಲ. ಈ ವಿಷಯದಲ್ಲಿ ತೆಂಗಿನೆಣ್ಣೆ ಸೋಪಿಗೆ ನಿಜವಾದ ಹೆಚ್ಚುಗಾರಿಕೆ ಇದೆ. ಅದು ಬೇರೆ ಎಣ್ಣೆಗಳ ಸೋಪಿಗಿಂತ ಸುಲಭವಾಗಿ ಕರಗುವುದರಿಂದ ಗಡಸು ನೀರಿನಲ್ಲೂ, ಸಮುದ್ರದ ನೀರಿನಲ್ಲೂ ನೊರೆ ಕೊಡುತ್ತದೆ. ‘ಐಷಾರಾಮಿ ನೊರೆ’ ಎಂಬ ಸಾಲು ಆ ಗಿರಾಕಿಗೆ ಏನೂ ಹೇಳುವುದಿಲ್ಲ. ‘ಬೋರ್‌ವೆಲ್ ನೀರಲ್ಲೂ ನೊರೆ ಬರುತ್ತದೆ’ ಎಂಬ ಸಾಲು ಸೋಪನ್ನು ಮಾರುತ್ತದೆ.

ನಮ್ಮ ಮನೆಗಳಲ್ಲಿ ಕೇಳುವ ಇನ್ನೊಂದು ಪ್ರಶ್ನೆ, ಹಲಾಲ್ ಹೌದಾ ಎಂಬುದು. ಸೋಪಿಗೆ ದನ, ಹಂದಿಯ ಕೊಬ್ಬನ್ನೂ ಬಳಸಬಹುದು. ಹೊರಗಿನಿಂದ ತಂದು ಸೇರಿಸುವ ಗ್ಲಿಸರಿನ್, ಸ್ಟಿಯರಿಕ್ ಆ್ಯಸಿಡ್ ಗಿಡಮೂಲದ್ದೂ ಆಗಿರಬಹುದು, ಪ್ರಾಣಿಮೂಲದ್ದೂ ಆಗಿರಬಹುದು. ಪ್ರಮಾಣಪತ್ರ ಪಡೆದಿಲ್ಲದವರು ಹಲಾಲ್ ಮುದ್ರೆ ಹಾಕಬಾರದು. ‘ತೆಂಗಿನೆಣ್ಣೆ ಮಾತ್ರ, ಪ್ರಾಣಿಯ ಕೊಬ್ಬು ಇಲ್ಲ’ ಎಂದು ಬಿಡಿಸಿ ಬರೆದರೆ ಹಲಾಲ್ ನೋಡುವವರಿಗೂ ಸಸ್ಯಾಹಾರಿಗಳಿಗೂ ಒಂದೇ ಸಾಲಿನಲ್ಲಿ ಉತ್ತರ ಸಿಗುತ್ತದೆ.

ತೂಕದ ಬಗ್ಗೆ ಒಂದು ಎಚ್ಚರಿಕೆ. ಹಸಿ ಸೋಪನ್ನು ಕತ್ತರಿಸಿದ ಮೇಲೆ ನಾಲ್ಕರಿಂದ ಆರು ವಾರ ಗಾಳಿಯಲ್ಲಿ ಒಣಗಿಸುತ್ತಾರೆ. ಅಷ್ಟರಲ್ಲಿ ನೀರು ಆರಿ ತೂಕ ಇಳಿಯುತ್ತದೆ. ಕತ್ತರಿಸಿದ ದಿನದ 100 ಗ್ರಾಂ ಬರೆದರೆ ಕೈಗೆ ಸಿಗುವುದು ಅದಕ್ಕಿಂತ ಕಡಿಮೆ. ಒಣಗಿದ ಮೇಲೆ ತೂಗಿ, ಅದನ್ನೇ ಬರೆಯಬೇಕು. ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಕರ ವಿಳಾಸ ಪೊಟ್ಟಣದ ಮೇಲಿದ್ದರೆ ಸಾಲದು, ಆನ್‌ಲೈನ್ ಪುಟದಲ್ಲೂ ಕಾಣಬೇಕು.

ಇದೆಲ್ಲ ಸೇರಿಸಿ ಆ ನಾಲ್ಕು ಸಾಲನ್ನು ಹೊಸದಾಗಿ ಬರೆದರೆ ಹೀಗಿರುತ್ತದೆ:

‘ತೆಂಗಿನೆಣ್ಣೆಯಿಂದ ಕೈಯಲ್ಲೇ ಮಾಡಿದ ಸೋಪು. ಪ್ರಾಣಿಯ ಕೊಬ್ಬು, ಕೃತಕ ಬಣ್ಣ, ಕೃತಕ ಪರಿಮಳ ಹಾಕಿಲ್ಲ. ಬೋರ್‌ವೆಲ್ ನೀರಲ್ಲೂ ನೊರೆ ಬರುತ್ತದೆ. ಮೈ ಬಿಗಿಯದಿರಲೆಂದು ಒಂದಿಷ್ಟು ಎಣ್ಣೆಯನ್ನು ಹಾಗೆಯೇ ಉಳಿಸಿದ್ದೇವೆ. ಆದರೂ ಚರ್ಮ ತುಂಬಾ ಒಣಗುವವರು ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ನೋಡಿ. ಆರು ವಾರ ಒಣಗಿಸಿದ್ದು. ನೀರು ನಿಲ್ಲದ ಸೋಪು ಡಬ್ಬಿಯಲ್ಲಿಡಿ, ಇಲ್ಲದಿದ್ದರೆ ಬೇಗ ಕರಗುತ್ತದೆ.’

ಬರೆದು ಮುಗಿಸಿದ ಮೇಲೆ ಒಂದು ಪರೀಕ್ಷೆ ಮಾಡಿ. ಇಂಗ್ಲಿಷ್ ಬಾರದ, ಮೂಲವನ್ನು ನೋಡದ ಒಬ್ಬರಿಗೆ ಕನ್ನಡದ್ದನ್ನು ಮಾತ್ರ ಓದಿಸಿ, ‘ಈ ಸೋಪು ಏನು ಮಾಡ್ತದೆ?’ ಎಂದು ಕೇಳಿ. ಸೋಪು ತಯಾರಿಸಿದವರು ಒಪ್ಪಲಾರದ ಒಂದೇ ಒಂದು ಮಾತು ಅವರ ಉತ್ತರದಲ್ಲಿ ಬಂದರೂ ಆ ಸಾಲನ್ನು ತೆಗೆದುಹಾಕಿ.