ಕೊನೆಯ ಪಾಳಿಯ ಲೆಕ್ಕ: ನರ್ಸ್ ಬರೆಯುವ ರಾಜೀನಾಮೆ

ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಐಸಿಯುನಲ್ಲಿ ದುಡಿಯುತ್ತಿರುವವರಿಗೆ ಎಂ.ಎಸ್ಸಿ. ಸೀಟು ಸಿಕ್ಕಿತೆನ್ನಿ. ಎರಡು ವರ್ಷದ ಆ ಕೋರ್ಸಿಗೆ ಕನಿಷ್ಠ ಒಂದು ವರ್ಷದ ಕೆಲಸದ ಅನುಭವ ಬೇಕು. ಅದನ್ನು ತೋರಿಸಲು ಆಸ್ಪತ್ರೆಯ ಅನುಭವ ಪತ್ರ ಬೇಕು. ಹಾಗಾಗಿ ರಾಜೀನಾಮೆಯ ಇಮೇಲ್ ಬರಿಯ ವಿದಾಯವಲ್ಲ. ಮುಂದಿನ ಕಾಗದಪತ್ರಗಳಿಗೆಲ್ಲ ಅದೇ ಆಧಾರ.

ಮೊದಲು ವಾರ್ಡಿನ ಇನ್‌ಚಾರ್ಜ್ ಸಿಸ್ಟರ್‌ಗೆ ಬಾಯಿಮಾತಿನಲ್ಲಿ ತಿಳಿಸುವುದು ಒಳ್ಳೆಯದು. ಡ್ಯೂಟಿ ಪಟ್ಟಿ ಹಾಕುವವರು ಅವರೇ. ಆಮೇಲೆ ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಇಮೇಲ್, ಎಚ್‌ಆರ್ ವಿಭಾಗಕ್ಕೆ ಅದರ ಪ್ರತಿ. ನೇಮಕಾತಿ ಪತ್ರದಲ್ಲಿ ಒಂದು ತಿಂಗಳ ನೋಟಿಸ್ ಇದ್ದರೆ ಪತ್ರ ಹೀಗಿರಬಹುದು:

“ಮಾನ್ಯ ಮೇಡಂ, ಎಂ.ಎಸ್ಸಿ. ನರ್ಸಿಂಗ್ ಓದಲು ಹೊರಟಿರುವುದರಿಂದ ನನ್ನ ಹುದ್ದೆಗೆ ರಾಜೀನಾಮೆ ಸಲ್ಲಿಸುತ್ತಿದ್ದೇನೆ. ಇಂದು ಜುಲೈ 1. ಜುಲೈ 31ರ ಮಧ್ಯಾಹ್ನದ ಪಾಳಿ ನನ್ನ ಕೊನೆಯ ಡ್ಯೂಟಿ. ವೆಂಟಿಲೇಟರ್ ರೋಗಿಗಳನ್ನು ಮೊದಲ ಸಲ ನೋಡಿಕೊಂಡಾಗ ಪಕ್ಕದಲ್ಲಿ ನಿಂತು ಕಲಿಸಿದ ಹಿರಿಯ ಸಿಸ್ಟರ್‌ಗಳಿಗೆ ಋಣಿ. ಕ್ರ್ಯಾಶ್ ಕಾರ್ಟ್ ತಪಾಸಣೆ ಮತ್ತು ಇಂಡೆಂಟ್ ಕೆಲಸವನ್ನು ನೀವು ಸೂಚಿಸಿದವರಿಗೆ ಜುಲೈ 20ರೊಳಗೆ ಹೇಳಿಕೊಟ್ಟು, ಉಳಿದ ದಿನ ಅವರ ಜೊತೆಗಿರುತ್ತೇನೆ. ರಾಜೀನಾಮೆ ಅಂಗೀಕರಿಸಿ, ರಿಲೀವಿಂಗ್ ಲೆಟರ್ ಮತ್ತು ಅನುಭವ ಪತ್ರ ಕೊಡಿಸಬೇಕಾಗಿ ವಿನಂತಿ.”

ಇಲ್ಲಿ ದಿನಾಂಕದ ಜೊತೆ ಪಾಳಿಯನ್ನೂ ಹೇಳಿದ್ದಕ್ಕೆ ಕಾರಣವಿದೆ. 31ರ ರಾತ್ರಿ ಪಾಳಿ ಮುಗಿಯುವುದು ಆಗಸ್ಟ್ 1ರ ಬೆಳಿಗ್ಗೆ. ‘ಒಂದು ತಿಂಗಳ ನಂತರ’ ಎಂದಷ್ಟೇ ಬರೆದರೆ ಆ ರಾತ್ರಿಯ ಪಟ್ಟಿಯಲ್ಲಿ ಹೆಸರು ಉಳಿದುಬಿಡಬಹುದು. ಉಳಿದ ರಜೆಯನ್ನು ನೋಟಿಸ್ ಅವಧಿಗೆ ಹೊಂದಿಸಿಕೊಳ್ಳಬಹುದೇ ಎಂಬುದು ಆಯಾ ಆಸ್ಪತ್ರೆಯ ನಿಯಮಕ್ಕೆ ಬಿಟ್ಟದ್ದು. ಕೇಳದೆ ಲೆಕ್ಕ ಹಾಕಬಾರದು.

ಕೆಲಸ ಒಪ್ಪಿಸುವುದೆಂದರೆ ಪಾಳಿ ಬದಲಾಗುವಾಗ ರೋಗಿಯ ಸ್ಥಿತಿ ಹೇಳುವುದಷ್ಟೇ ಅಲ್ಲ. ಅದು ದಿನವೂ ನಡೆಯುತ್ತದೆ. ಹೋಗುವವರ ಜೊತೆ ಹೋಗಿಬಿಡುವುದು ಪಟ್ಟಿಯಲ್ಲಿಲ್ಲದ ಕೆಲಸ: ಕ್ರ್ಯಾಶ್ ಕಾರ್ಟ್‌ನಲ್ಲಿ ಅವಧಿ ಮುಗಿಯಲಿರುವ ಔಷಧಿ ಯಾವುದು, ರಿಪೇರಿಗೆ ಹೋದ ಸಿರಿಂಜ್ ಪಂಪ್ ಎಲ್ಲಿದೆ, ಯಾವ ಇಂಡೆಂಟ್ ಬಾಕಿಯಿದೆ. ಇವನ್ನು ಒಂದು ಹಾಳೆಯಲ್ಲಿ ಬರೆದು, ಬದಲಿ ಬಂದವರ ಕೈಯಲ್ಲೇ ಒಮ್ಮೆ ತಪಾಸಣೆ ಮಾಡಿಸಬೇಕು. ಅವರು ಎಲ್ಲಿ ತಡೆದು ಕೇಳುತ್ತಾರೋ ಅಲ್ಲಿ ಹಾಳೆ ಅಪೂರ್ಣ ಎಂದರ್ಥ. ನಾರ್ಕೋಟಿಕ್ ಔಷಧಿಗಳ ಬೀಗದ ಕೈ ನಿಮ್ಮ ಬಳಿಯಿದ್ದರೆ ಇಬ್ಬರೂ ಆಂಪ್ಯೂಲ್ ಎಣಿಸಿ, ರಿಜಿಸ್ಟರ್‌ಗೆ ತಾಳೆ ನೋಡಿ ಸಹಿ ಹಾಕಬೇಕು. ಕೊರತೆ ನಂತರ ಕಂಡರೆ ಯಾರ ಕಾಲದ್ದೆಂದು ಹೇಳಲಾಗದು.

ನೆರವಿನ ಮಾತಿಗೂ ಮಿತಿ ಬೇಕು. ‘ಯಾವಾಗ ಬೇಕಾದರೂ ಫೋನ್ ಮಾಡಿ’ ಎಂದರೆ ತರಗತಿಯ ನಡುವೆಯೂ ಕರೆ ಬರುತ್ತದೆ. ‘ಮೊದಲ ಎರಡು ವಾರ, ಸಂಜೆ, ಸಾಮಗ್ರಿ ಮತ್ತು ರಿಜಿಸ್ಟರ್ ಕುರಿತು ಮಾತ್ರ’ ಎಂದರೆ ಇಬ್ಬರಿಗೂ ಅನುಕೂಲ. ಬಿಡುಗಡೆಯಾದ ಮೇಲೆ ರೋಗಿಯ ಆರೈಕೆ ಬಗ್ಗೆ ಫೋನಿನಲ್ಲಿ ಸಲಹೆ ಕೊಡುವ ಅಧಿಕಾರ ಅವರಿಗಿಲ್ಲ. ರೋಗಿಗಳ ವಿವರ ಅವರ ಮೊಬೈಲಿನಲ್ಲಿ ಉಳಿಯಲೂ ಕೂಡದು.