ಪಾಳಿ ಬದಲಾವಣೆ: ವಾರಕ್ಕೊಮ್ಮೆಯೋ, ಎರಡು ದಿನಕ್ಕೊಮ್ಮೆಯೋ?

ಪ್ರಶ್ನೆ: ಖಡಕಿಯ ನಮ್ಮ ಚಿಕ್ಕ ಕಾರ್ಖಾನೆಯಲ್ಲಿ ಮೂರು ತಂಡ, ಮೂರು ಪಾಳಿ, ವಾರಕ್ಕೊಮ್ಮೆ ಬದಲಾವಣೆ. ಎರಡೆರಡು ದಿನಕ್ಕೇ ಬದಲಿಸಿದರೆ ಒಳ್ಳೆಯದೇ?

ಉತ್ತರ: ನಿದ್ದೆಯ ದೃಷ್ಟಿಯಿಂದ ಒಳ್ಳೆಯದೇ. ಹಗಲು ನಿದ್ದೆ ಸಾಲುವುದಿಲ್ಲ; ಸತತ ಆರು ರಾತ್ರಿ ದುಡಿದರೆ ಆ ಕೊರತೆ ಬೆಳೆಯುತ್ತದೆ, ದೇಹ ರಾತ್ರಿಗೆ ಒಗ್ಗುವ ಮೊದಲೇ ಪಾಳಿ ಬದಲಾಗುತ್ತದೆ. ಎರಡೇ ರಾತ್ರಿಯಾದರೆ ಬೇಗ ಸುಧಾರಿಸಿಕೊಳ್ಳಬಹುದು.

ಆದರೆ ಮೂರೇ ತಂಡಗಳಿಂದ ಇದು ನಡೆಯದು. ಬುಧವಾರ, ಗುರುವಾರ ರಾತ್ರಿ ದುಡಿದವರು ಶುಕ್ರವಾರ ಬೆಳಿಗ್ಗೆ 6ಕ್ಕೆ ಹೊರಬೀಳುವಾಗಲೇ ಅವರ ಬೆಳಗಿನ ಪಾಳಿ ಶುರುವಾಗಿರುತ್ತದೆ. ನಾಲ್ಕನೇ ತಂಡವಿದ್ದರೆ ಎರಡೆರಡು ದಿನ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ, ಆಮೇಲೆ ಎರಡು ದಿನ ರಜೆ. ವಾರಕ್ಕೆ ಸರಾಸರಿ 42 ಗಂಟೆ. ಭಾನುವಾರದ ರಜೆ ಮಾತ್ರ ಖಾಯಂ ಸಿಗದು, ಓವರ್‌ಟೈಮ್ ಗಳಿಕೆಯೂ ಇಳಿಯಬಹುದು. ಕಾರ್ಮಿಕರನ್ನು ಕೇಳಿಯೇ ನಿರ್ಧರಿಸಿ.

ನಾಲ್ಕನೇ ತಂಡ ಕಟ್ಟಲಾಗದಿದ್ದರೆ ವಾರದ ಪದ್ಧತಿಯೇ ಇರಲಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮುಂದಕ್ಕೆ ಸಾಗುವ ಕ್ರಮದಲ್ಲೇ ಬದಲಿಸಿ.