ಬಯೋದ ಲಿಂಕ್, ಮೂರು ದಾರಿ

ಇನ್‌ಸ್ಟಾಗ್ರಾಮ್ ಬಯೋದಲ್ಲಿ 5 ಲಿಂಕ್ ಹಾಕಬಹುದು, ಆದರೆ ಎದ್ದು ಕಾಣುವುದು ಮೊದಲನೆಯದು ಮಾತ್ರ. ಅಲ್ಲಿ ಒಂದು ಸರಳ ಪುಟದ ವಿಳಾಸ ಕೊಡುವುದೇ ಲೇಸು.

ಉದಾಹರಣೆಗೆ, ನೀವು ಉದ್ಯೋಗ ಸಂದರ್ಶನಕ್ಕೆ ತರಬೇತಿ ಕೊಡುವವರು ಎನ್ನಿ. ಪುಟದಲ್ಲಿ ಮೂರು ಬಟನ್ ಸಾಕು. ಅವುಗಳ ಮೇಲೆ ಕೋರ್ಸಿನ ಹೆಸರಲ್ಲ, ಬಂದವರ ಪರಿಸ್ಥಿತಿ ಇರಲಿ. ‘ಸಂದರ್ಶನದ ಕರೆಯೇ ಬರುತ್ತಿಲ್ಲ’ ಎಂದು ಒತ್ತಿದವರಿಗೆ ಉಚಿತ ರೆಸ್ಯೂಮೆ ಮಾದರಿ ಸಿಗಲಿ. ‘ಕರೆ ಬರುತ್ತದೆ, ಕೆಲಸ ಸಿಗುತ್ತಿಲ್ಲ’ ಎನ್ನುವವರು ಗುಂಪು ತರಗತಿಗೆ ಹೋಗಲಿ. ‘ಮುಂದಿನ ವಾರವೇ ಸಂದರ್ಶನ’ ಎನ್ನುವವರಿಗೆ ನೇರವಾಗಿ ಖಾಸಗಿ ತಾಲೀಮಿನ ಬುಕಿಂಗ್ ತೆರೆಯಲಿ.

ಪ್ರತಿ ಬಟನ್ನಿನ ಕ್ಲಿಕ್ಕನ್ನು ಬೇರೆಯಾಗಿ ಎಣಿಸಿ. ಕ್ಲಿಕ್ ಬಹಳ, ಬುಕಿಂಗ್ ಇಲ್ಲವೆಂದರೆ ಮೊದಲು ಮುಂದಿನ ಪುಟವನ್ನು ನೋಡಿ: ಶುಲ್ಕ ಬರೆದಿಲ್ಲವೇ, ಫಾರಂ ಉದ್ದವಾಯಿತೇ? ಪರೀಕ್ಷೆಯನ್ನು ಮಾತ್ರ ಲ್ಯಾಪ್‌ಟಾಪಿನಲ್ಲಲ್ಲ, ಫೋನಿನಲ್ಲಿ, ಇನ್‌ಸ್ಟಾಗ್ರಾಮ್ ಒಳಗಿಂದಲೇ ತೆರೆದು ಮಾಡಿ.